ಗೆರೆ ಕಳೆದುಕೊಂಡ ನಕ್ಷೆ

ಮೇ ತಿಂಗಳ ಕೊನೆ. ಶಿರಸಿ ಕಡೆಯ ಒಂದು ಊರಿನಲ್ಲಿ ಅಡಿಕೆ ಬೆಳೆಗಾರರು ಸೇರಿ ಕೊಳೆರೋಗದ ಬಗ್ಗೆ ಮಾತಾಡಿದರು. ಹಿರಿಯರೊಬ್ಬರು ಗೋಡೆಗೆ ಅಂಟಿಸಿದ ಚಾರ್ಟ್ ಹಾಳೆಯ ನಡುವೆ 'ಕೊಳೆ' ಎಂದು ಬರೆದು ಸುತ್ತ ಒಂದು ಗೆರೆ ಹಾಕಿದರು. ಯಾರಾದರೂ ಮಾತು ಸೇರಿಸಿದಂತೆ ಒಂದೊಂದು ಕವಲು ಎಳೆದು ತುದಿಗೆ ಒಂದೆರಡು ಪದ ಬರೆಯುತ್ತ ಹೋದರು. ಎರಡು ಗಂಟೆಯಲ್ಲಿ ಹಾಳೆ ತುಂಬಿತು. ಅದನ್ನು ಒಂದು ಪುಟದ ಕರಪತ್ರ ಮಾಡಿಕೊಡುವ ಕೆಲಸ ನನ್ನದು. ಸಭೆಗೆ ಹೋಗಲು ನನಗಾಗಲಿಲ್ಲ. ಅಲ್ಲಿದ್ದ ಹುಡುಗನೊಬ್ಬ ಹಾಳೆಯಲ್ಲಿದ್ದುದನ್ನೆಲ್ಲ ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ. ಬಂದದ್ದು ಹೀಗಿತ್ತು:

```
ಮಳೆಗೆ ಮುಂಚೆ / ಬೋರ್ಡೋ / ಜಡಿಮಳೆ, ನಡುವೆ ಬಿಸಿಲು / 1 ಕೆ.ಜಿ. /
ನೀರುಕಲೆ / ಮೈಲುತುತ್ತ / 40–45 / ಹೆಕ್ಕುವುದು / ಸುಣ್ಣ / ಕೆಂಪು /
1 ಕೆ.ಜಿ. / ಕೊಳೆ / ಬೂಸ್ಟು / ಚಾಕು / ದಿನ ಬಿಟ್ಟು / 50 + 50 /
ಬಸಿಗಾಲುವೆ / ಉದುರು / ಸುಳಿಗೂ / ಒಣಗಿದ ಕೊನೆ / 100 ಲೀ. /
ಕೊನೆಗೌಡ / ಕೊಟ್ಟೆ / ಪ್ಲಾಸ್ಟಿಕ್
```

ಹುಡುಗ ಒಂದು ಪದವನ್ನೂ ಬಿಟ್ಟಿರಲಿಲ್ಲ. ಆದರೂ ಇದನ್ನು ಓದಿ ಯಾರೂ ತೋಟಕ್ಕೆ ಔಷಧಿ ಹೊಡೆಯಲಾರರು. ಹಾಳೆಯ ಮೇಲಿದ್ದ ಅರ್ಥದಲ್ಲಿ ಅರ್ಧ ಪದಗಳಲ್ಲಿತ್ತು, ಇನ್ನರ್ಧ ಗೆರೆಗಳಲ್ಲಿತ್ತು. ಫೋನಿನ ಕೀಲಿಮಣೆಗೆ ಬಂದದ್ದು ಪದಗಳು ಮಾತ್ರ.

ಇಂಥ ಚಿತ್ರಕ್ಕೆ ಮೈಂಡ್ ಮ್ಯಾಪ್ ಎನ್ನುತ್ತಾರೆ. ಇದನ್ನು ಜನಪ್ರಿಯ ಮಾಡಿದವರು ಇಂಗ್ಲೆಂಡಿನ ಟೋನಿ ಬುಜಾನ್. 1974ರಲ್ಲಿ ಬಿಬಿಸಿ ದೂರದರ್ಶನದಲ್ಲಿ ಬಂದ ಅವರ ಕಾರ್ಯಕ್ರಮದಿಂದ ಇದು ಶಾಲೆ, ಕಚೇರಿಗಳಿಗೆ ಹಬ್ಬಿತು. ನಡುವೆ ವಿಷಯ, ಅಲ್ಲಿಂದ ಹೊರಡುವ ದಪ್ಪ ಕವಲುಗಳು, ಅವುಗಳಿಂದ ಸಣ್ಣ ಕವಲುಗಳು, ಒಂದು ಗೆರೆಯ ಮೇಲೆ ಒಂದೇ ಪದ. ಬರೆಯುವಾಗ ಇದು ಬಹಳ ಸಲೀಸು. ವಾಕ್ಯ ಕಟ್ಟುವ ಗೊಡವೆಯಿಲ್ಲ, ಎಲ್ಲಿ ಬೇಕಾದರೂ ಹೊಸ ಕವಲು ಹೊರಡಿಸಬಹುದು. ಆದರೆ ಪದ ಇಷ್ಟು ಮೊಟಕಾಗಿರುವುದರಿಂದಲೇ ಭಾರವೆಲ್ಲ ಗೆರೆಯ ಮೇಲೆ ಬೀಳುತ್ತದೆ. ಹುಡುಗ ಹಾಳೆಯನ್ನು ಪುಸ್ತಕ ಓದಿದಂತೆ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಓದುತ್ತ ಟೈಪ್ ಮಾಡಿದ್ದ. ಹಾಗಾಗಿ ಒಂದೊಂದು ಸಾಲಿನಲ್ಲೂ ಎಲ್ಲ ಕವಲುಗಳ ಒಂದೊಂದು ಚೂರು ಬಂದು ಕೂತಿತ್ತು. ಸೀರೆಯನ್ನು ಅಡ್ಡಡ್ಡ ಹರಿದರೆ ಒಂದೊಂದು ಪಟ್ಟಿಯಲ್ಲೂ ಎಲ್ಲ ಎಳೆಗಳ ತುಂಡು ಸಿಗುತ್ತದಲ್ಲ, ಹಾಗೆ. ಇಲ್ಲಿ ಪಕ್ಕಪಕ್ಕ ಕೂತ ಮಾತ್ರಕ್ಕೆ ಎರಡು ಪದಗಳಿಗೆ ನಂಟಿದೆ ಎಂದು ನಂಬುವಂತಿಲ್ಲ. ಮುಂದೆ ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ಈ ನಂಬಿಕೆಯಿಂದಲೇ ಹುಟ್ಟಿದವು.

ಈ ಚೂರುಗಳನ್ನು ಒಳಸರಿಸಿದ ಪಟ್ಟಿಯಾಗಿ ಬರೆಯಬೇಕು. ಒಂದು ಸಾಲು ತಾಯಿ. ಅದರ ಕೆಳಗೆ, ಸ್ವಲ್ಪ ಬಲಕ್ಕೆ ಸರಿದು ಕೂತ ಸಾಲುಗಳು ಅದರ ಮಕ್ಕಳು. ಒಂದೇ ಅಂಚಿಗೆ ಕೂತವು ಒಡಹುಟ್ಟುಗಳು. ನಕ್ಷೆಯಲ್ಲಿ ಗೆರೆ ಹೇಳುತ್ತಿದ್ದುದನ್ನು ಇಲ್ಲಿ ಎಡಗಡೆಯ ಖಾಲಿ ಜಾಗ ಹೇಳುತ್ತದೆ.

ಮೊದಲು ನಾನು ಮಾಡಿದ್ದು ಎಣಿಕೆ. ಇಪ್ಪತ್ತನಾಲ್ಕು ಚೂರು. ಒಂದೊಂದಕ್ಕೂ ಸಂಖ್ಯೆ ಕೊಟ್ಟೆ. ಕೊನೆಯಲ್ಲಿ ಪಟ್ಟಿ ಎಷ್ಟೇ ಚೆನ್ನಾಗಿ ಕಂಡರೂ ಈ ಇಪ್ಪತ್ತನಾಲ್ಕೂ ಎಲ್ಲಿ ಹೋದವು ಎಂದು ಲೆಕ್ಕ ಕೊಡಲು ಬರಬೇಕು. ಈ ಹಂತದಲ್ಲಿ ಪದ ತಿದ್ದುವುದು, ಚಂದ ಮಾಡುವುದು ಯಾವುದೂ ಬೇಡ.

ಎಣಿಸುವಾಗಲೇ ಎರಡು ಸಂಗತಿ ಕಣ್ಣಿಗೆ ಬಿದ್ದವು. 'ಮಳೆಗೆ ಮುಂಚೆ' ತನ್ನಷ್ಟಕ್ಕೆ ಪೂರ್ಣ. ಆದರೆ '40–45' ಒಂದು ಕಡೆ, 'ದಿನ ಬಿಟ್ಟು' ಇನ್ನೊಂದು ಕಡೆ ಇದ್ದವು. ಹಾಳೆಯಲ್ಲಿ ಅದು ಒಂದೇ ಮಾತು, ಜಾಗ ಸಾಲದೆ ಎರಡು ಸಾಲಾಗಿತ್ತು. ಇಂಥವನ್ನು ಮೊದಲೇ ಹೊಲಿದುಬಿಡಬೇಕು. ಇನ್ನೊಂದು ಇದಕ್ಕೆ ತಿರುಗುಮುರುಗು. '1 ಕೆ.ಜಿ.' ಎರಡು ಸಲ ಇತ್ತು. ಪಟ್ಟಿ ಚೊಕ್ಕಟ ಮಾಡಲು ಹೊರಟವರ ಕೈ ಮೊದಲು ಹೋಗುವುದು ಇಂಥಲ್ಲಿಗೇ, ಎರಡನೆಯದನ್ನು ಪುನರಾವರ್ತನೆ ಎಂದು ಅಳಿಸಿಬಿಡುತ್ತಾರೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಬೇಕು. ಒಂದನ್ನು ಅಳಿಸಿದ್ದರೆ ಸುಣ್ಣಕ್ಕೆ ಅಳತೆಯೇ ಇರುತ್ತಿರಲಿಲ್ಲ. ಸುಣ್ಣ ಕಡಿಮೆಯಾದ ದ್ರಾವಣದಲ್ಲಿ ತಾಮ್ರ ಬಿಡಿಯಾಗಿ ಉಳಿದು ಎಳೆಯ ಭಾಗಗಳನ್ನು ಸುಡುತ್ತದೆ. ನಕ್ಷೆಯಲ್ಲಿ ಒಂದೇ ಪದ ಎರಡು ಕಡೆ ಕಂಡರೆ ಅದಕ್ಕೆ ಇಬ್ಬರು ತಾಯಂದಿರಿದ್ದಾರೆ ಎಂದೇ ಮೊದಲು ಎಣಿಸಬೇಕು. ಪುನರಾವರ್ತನೆ ಎಂದು ತೀರ್ಮಾನಿಸುವುದು ತಾಯಿ ಒಬ್ಬಳೇ ಎಂದು ಗೊತ್ತಾದ ಮೇಲೆ.

ಮುಂದಿನ ಕೆಲಸ, ತಾಯಿಯಾಗಲು ಆಗದವನ್ನು ಬೇರೆ ಇಡುವುದು. ಅಳತೆ, ದಿನ, ಲೀಟರು, ಬಣ್ಣ ಇವು ಯಾವಾಗಲೂ ಎಲೆಗಳು, ಇವುಗಳ ಕೆಳಗೆ ಇನ್ನೊಂದು ಸಾಲು ಹುಟ್ಟುವುದಿಲ್ಲ. 'ಬೋರ್ಡೋ', 'ಕೊಟ್ಟೆ', 'ಮೈಲುತುತ್ತ', 'ಚಾಕು' ಇಂಥ ಹೆಸರುಗಳು ತಾಯಿಯೂ ಆಗಬಹುದು, ಮಗುವೂ ಆಗಬಹುದು. ಎಲೆಗಳನ್ನು ಒಂದು ಮೂಲೆಗೆ ಇಟ್ಟರೆ ಉಳಿಯುವವು ಹತ್ತು ಹದಿನೈದೇ. ಕಣ್ಣಿಗೆ ಕೊಂಬೆ ಕಾಣಲು ಶುರುವಾಗುವುದು ಆಗ.

ಆದರೆ ಈ ಸಲ ದಪ್ಪ ಕೊಂಬೆಗಳಿಗೆ ಹೆಸರೇ ಇರಲಿಲ್ಲ. 'ನೀರುಕಲೆ', 'ಬೂಸ್ಟು', 'ಉದುರು' ಇವೆಲ್ಲ ಒಂದೇ ಪ್ರಶ್ನೆಗೆ ಉತ್ತರ, ಅಂದರೆ ರೋಗ ಬಂದದ್ದು ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆಗೆ. ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಲೆ ಮೂಡುತ್ತದೆ, ಆಮೇಲೆ ಬಿಳಿ ಬೂಸ್ಟು ಹಬ್ಬುತ್ತದೆ, ಕಾಯಿ ಉದುರುತ್ತದೆ. ಆ ಪ್ರಶ್ನೆಗೆ 'ಲಕ್ಷಣ' ಎಂದು ಹೆಸರು ಕೊಟ್ಟೆ. ಹಾಳೆಯಲ್ಲಿ ಆ ಪದ ಇರಲಿಲ್ಲ. ಸಭೆಯಲ್ಲಿ ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಬರೆದಿರಲಿಲ್ಲ. ನಾನು ಹೀಗೆ ಹೊರಗಿನಿಂದ ತಂದ ಪ್ರತಿ ಪದವನ್ನೂ ಚೌಕ ಆವರಣದಲ್ಲಿ ಇಟ್ಟೆ. ಸಭೆ ಹೇಳಿದ್ದು ಯಾವುದು, ನಾನು ಸೇರಿಸಿದ್ದು ಯಾವುದು ಎಂಬುದು ಒಪ್ಪಿಗೆ ಸಿಗುವ ತನಕ ಬೇರೆಬೇರೆ ಕಾಣಬೇಕು. ಇದನ್ನು ಬಿಟ್ಟರೆ ಎರಡು ವಾರದ ನಂತರ ನನಗೇ ಗುರುತು ಸಿಗುವುದಿಲ್ಲ.

ಯಾವ ಚೂರು ಯಾವುದರ ಕೆಳಗೆ ಎಂದು ನೋಡಲು ನಾನು ನಂಬುವುದು ನಮ್ಮ ವಿಭಕ್ತಿಗಳನ್ನು. ತಾಯಿಯ ಪದಕ್ಕೆ ಒಂದು ಪ್ರತ್ಯಯ ಹಚ್ಚಿ ಮಗುವಿನ ಜತೆ ಗಟ್ಟಿಯಾಗಿ ಓದುತ್ತೇನೆ. 'ಬೋರ್ಡೋಕ್ಕೆ ಮೈಲುತುತ್ತ', 'ಬೋರ್ಡೋಕ್ಕೆ ಸುಣ್ಣ'. ಸರಿಯಾಗಿ ಕೂರುತ್ತದೆ. 'ಕೊಟ್ಟೆಗೆ ಮೈಲುತುತ್ತ'. ಇಲ್ಲ, ಕಿವಿ ಒಪ್ಪುವುದಿಲ್ಲ. ಕೊಟ್ಟೆ ಎಂದರೆ ಮಳೆ ತಾಗದಂತೆ ಅಡಿಕೆ ಕೊನೆಗೆ ಕಟ್ಟುವ ಹೊದಿಕೆ, ಅದಕ್ಕೂ ಮೈಲುತುತ್ತಕ್ಕೂ ಸಂಬಂಧವಿಲ್ಲ. ಒಡಹುಟ್ಟುಗಳನ್ನು ನೋಡುವಾಗ ಈ ಉಪಾಯ ಇನ್ನೂ ಚುರುಕಾಗಿ ಕೆಲಸ ಮಾಡುತ್ತದೆ. ಒಂದು ತಾಯಿಯ ಕೆಳಗಿರುವ ಎಲ್ಲ ಮಕ್ಕಳಿಗೂ ಒಂದೇ ಪ್ರತ್ಯಯ ಸಾಕಾಗಬೇಕು. ಮೊದಲ ಸಲ ನಾನು ಬೋರ್ಡೋದ ಕೆಳಗೆ 'ಮೈಲುತುತ್ತ, ಸುಣ್ಣ, ಮಳೆಗೆ ಮುಂಚೆ, ಚಾಕು' ಎಂದು ಸಾಲಾಗಿ ಬರೆದಿದ್ದೆ. ಬೋರ್ಡೋಕ್ಕೆ ಮೈಲುತುತ್ತ ಸರಿ, ಆದರೆ ಬೋರ್ಡೋವನ್ನು ಮಳೆಗೆ ಮುಂಚೆ, ಬೋರ್ಡೋದಲ್ಲಿ ಚಾಕು. ಪ್ರತ್ಯಯ ಹೀಗೆ ಬದಲಾಗುತ್ತಿದೆ ಎಂದರೆ ಬೇರೆಬೇರೆ ಪ್ರಶ್ನೆಗಳ ಉತ್ತರಗಳು ಒಂದೇ ಪಂಕ್ತಿಯಲ್ಲಿ ಕೂತಿವೆ ಎಂದರ್ಥ. ನಡುವೆ ಒಂದು ಹಂತ ಕಾಣೆಯಾಗಿದೆ. ಅಲ್ಲಿಗೆ [ತಯಾರಿ], [ಪರೀಕ್ಷೆ], [ಸಮಯ] ಎಂದು ಮೂರು ಆವರಣ ಬಂದವು, ಪಂಕ್ತಿ ಸರಿಹೋಯಿತು.

ಕಿವಿಯೂ ಮೋಸ ಹೋಗುತ್ತದೆ ಎಂದು ಗೊತ್ತಾದದ್ದು ಮೂರು ಚೂರುಗಳಲ್ಲಿ. ಮೊದಲನೆಯದು 'ಕೆಂಪು'. ರೋಗದ ಬಗ್ಗೆ ಮಾತಾಡುವ ಹಾಳೆಯಲ್ಲಿ ಬಣ್ಣದ ಹೆಸರು ಕಂಡರೆ ಯಾರೂ ಅದನ್ನು ಲಕ್ಷಣದ ಕೆಳಗೆ ಹಾಕುತ್ತಾರೆ, ನಾನೂ ಹಾಕಿದೆ. ಎರಡನೆಯದು 'ಪ್ಲಾಸ್ಟಿಕ್'. ಅದು 'ಕೊಟ್ಟೆ'ಯ ಪಕ್ಕದಲ್ಲೇ ಇತ್ತು, ಈಗೀಗ ಕೊಟ್ಟೆಗೆ ಪ್ಲಾಸ್ಟಿಕ್ ಹಾಳೆ ಬಳಸುವುದೂ ಉಂಟು. 'ಕೊಟ್ಟೆಗೆ ಪ್ಲಾಸ್ಟಿಕ್' ಎಂದು ಓದಿದರೆ ಎಲ್ಲೂ ತೊಡರುವುದಿಲ್ಲ. ಮೂರನೆಯದು 'ಸುಳಿಗೂ'. ಕೊಳೆ ಕಾಯಿಯಿಂದ ಮರದ ಸುಳಿಗೂ ಹರಡುವುದುಂಟು, ಹಾಗಾಗಿ ಅದೂ ಲಕ್ಷಣದ ಕಡೆಗೇ ಹೋಯಿತು. ಮೂರಕ್ಕೂ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಟ್ಟುಕೊಂಡೆ. ಇದೊಂದು ಬುದ್ಧಿವಂತಿಕೆಯ ಕೆಲಸ ಮಾಡಿದ್ದೆ.

ಹಾಳೆ ಬರೆದ ಹಿರಿಯರಿಗೆ ಫೋನ್ ಮಾಡಿದೆ.

"ಕೆಂಪು ಅಂತ ಬರೆದಿದ್ದೀರಲ್ಲ, ಅದು ಕಾಯಿಯ ಬಣ್ಣವಾ?" ಎಂದು ಕೇಳಿದೆ.

"ಕಾಯಿ ಅಲ್ಲ ತಮ್ಮಾ, ಚಾಕು. ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಡಬೇಕು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲಲಿಲ್ಲ ಅಂತ. ಇನ್ನಷ್ಟು ಹಾಕಿ ಮತ್ತೆ ನೋಡಬೇಕು."

"ಸುಳಿಗೂ?"

"ಔಷಧಿ ಹೊಡೆಯುವಾಗ ಕೊನೆಗೆ ಹೊಡೆದು ಇಳಿದುಬಿಡುತ್ತಾರೆ. ಸುಳಿಗೂ ಹೊಡೆಯಬೇಕು ಅಂತ ಬರೆದದ್ದು. ಪ್ಲಾಸ್ಟಿಕ್ ಅಂದರೆ ಡ್ರಮ್ಮು, ಅದರಲ್ಲೇ ಕಲಸಬೇಕು."

ಮೂರೂ ತಪ್ಪು. 'ಕೆಂಪು' ಲಕ್ಷಣದ ಕೆಳಗೇ ಉಳಿದು ಕರಪತ್ರ ಅಚ್ಚಾಗಿದ್ದರೆ, ಕಾಯಿ ಕೆಂಪಾಗುವುದನ್ನು ಕಾಯುತ್ತ ಕೂತವರು ಕೊಳೆ ಗುರುತಿಸುವುದೇ ತಡವಾಗುತ್ತಿತ್ತು, ಚಾಕು ಪರೀಕ್ಷೆ ಏಕೆ ಎಂಬುದೂ ತಿಳಿಯುತ್ತಿರಲಿಲ್ಲ. ಒಂದು ಸಾಲು ತಪ್ಪು ತಾಯಿಯ ಕೆಳಗೆ ಕೂತರೆ ಪದ ಸರಿಯಿದ್ದೂ ಮಾಹಿತಿ ಸುಳ್ಳಾಗುತ್ತದೆ. ಅಕ್ಷರದೋಷವಾದರೆ ಕಣ್ಣಿಗೆ ಕುಕ್ಕುತ್ತದೆ, ಇದು ಕಾಣುವುದೇ ಇಲ್ಲ. ಕೇಳಲು ಯಾರೂ ಸಿಗದಿದ್ದರೆ ಇಂಥ ಚೂರುಗಳನ್ನು ಊಹಿಸಿ ತುರುಕುವುದಕ್ಕಿಂತ ಪಟ್ಟಿಯ ಕೊನೆಯಲ್ಲಿ 'ನೆಲೆ ಗೊತ್ತಾಗದವು' ಎಂದು ಬೇರೆಯೇ ಬರೆಯುವುದು ಮೇಲು.

'50 + 50' ಇನ್ನೊಂದು ಬಗೆ. ಅದು ಒಂದೇ ಚೂರು, ಆದರೆ ಎರಡು ಮನೆಗೆ ಸೇರಬೇಕಾದದ್ದು. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಬೇರೆ 50 ಲೀಟರ್‌ನಲ್ಲಿ ಕದಡಿ, ಎರಡನ್ನೂ ಒಟ್ಟಿಗೆ ಮೂರನೆಯ ಡ್ರಮ್ಮಿಗೆ ಸುರಿಯುತ್ತಾರೆ. ಹಾಗಾಗಿ ಅದನ್ನು ಸೀಳಿ ಇಬ್ಬರಿಗೂ ಹಂಚಿದೆ. '100 ಲೀ.' ಒಟ್ಟು ಮೊತ್ತವಾಗಿ ಮೂರನೆಯ ಸಾಲಾಯಿತು.

ಎಲ್ಲಕ್ಕಿಂತ ಕಾಡಿದ್ದು 'ಕೊನೆಗೌಡ'. ಮರ ಹತ್ತುವವನು ಅವನೇ. ಬೋರ್ಡೋ ಹೊಡೆಯುವವನು, ಕೊಟ್ಟೆ ಕಟ್ಟುವವನು, ಹಿಂದಿನ ಬೆಳೆಯ ಒಣಗಿದ ಕೊನೆ ಕಿತ್ತು ಇಳಿಸುವವನೂ ಅವನೇ. ಹಾಳೆಯಲ್ಲಿ ಆ ಹೆಸರಿಗೆ ಮೂರು ಕಡೆಯಿಂದ ಗೆರೆ ಬಂದಿತ್ತಂತೆ. ನಕ್ಷೆಯಲ್ಲಿ ಅದಕ್ಕೆ ಅಡ್ಡಿಯಿಲ್ಲ. ಒಳಸರಿಸಿದ ಪಟ್ಟಿಯಲ್ಲಾದರೆ ಪ್ರತಿ ಸಾಲಿಗೂ ಒಬ್ಬಳೇ ತಾಯಿ. ಮೂರು ಕಡೆಯೂ ಬರೆದರೆ ಮೂವರು ಬೇರೆಬೇರೆ ಆಳು ಬೇಕೆಂದು ಓದುಗರು ತಿಳಿದಾರು. ಒಂದೇ ಕಡೆ ಬರೆದರೆ ಉಳಿದೆರಡು ಕೆಲಸಕ್ಕೆ ಆಳಿಲ್ಲದಂತೆ ಕಾಣುತ್ತದೆ. ಇಂಥಲ್ಲಿ ಆ ಮೂರೂ ಕೂಡುವ ಜಾಗದ ತನಕ ಚೂರನ್ನು ಮೇಲಕ್ಕೆ ಎತ್ತಬೇಕು. ಮೂರೂ ಕೂಡುವುದು [ತಡೆ] ಎಂಬಲ್ಲಿ. ಆದರೆ ಅಲ್ಲಿಟ್ಟರೆ 'ಶುಚಿ, ಕೊಟ್ಟೆ, ಬೋರ್ಡೋ, ಕೊನೆಗೌಡ' ಎಂದು ಮೂರು ಉಪಾಯಗಳ ಸಾಲಿನಲ್ಲಿ ಒಬ್ಬ ಮನುಷ್ಯ ಕೂತಂತಾಯಿತು, ಪ್ರತ್ಯಯ ಮತ್ತೆ ಕೆಡುತ್ತದೆ. ಅದಕ್ಕೇ ಇನ್ನೂ ಒಂದು ಹಂತ ಎತ್ತಿ ಅವನಿಗೆ ಸ್ವಂತ ಕೊಂಬೆಯನ್ನೇ ಕೊಟ್ಟೆ. ಕೊನೆಗೌಡರು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ಆ ಸಾಲು ಎದ್ದು ಕಂಡದ್ದು ಒಳ್ಳೆಯದೇ ಆಯಿತು, ಮಳೆಗೆ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಅವರನ್ನೇ.

ಕೊನೆಗೆ ನಿಂತ ಪಟ್ಟಿ ಇದು. 'ಕೊಳೆ' ತಲೆಬರಹವಾಗಿ ಮೇಲೆ ಹೋಯಿತು.

ಕೊಳೆ

- [ಲಕ್ಷಣ]
  - ತೊಟ್ಟಿನ ಬಳಿ ನೀರುಕಲೆ
  - ಬಿಳಿ ಬೂಸ್ಟು
  - ಕಾಯಿ ಉದುರುವುದು
- [ಹರಡುವ ಹವೆ] ಜಡಿಮಳೆ, ನಡುವೆ ಬಿಸಿಲು
- [ತಡೆ]
  - [ತೋಟದ ಶುಚಿ]
    - ಉದುರಿದ ಕಾಯಿ ಹೆಕ್ಕುವುದು
    - ಒಣಗಿದ ಕೊನೆ ತೆಗೆಯುವುದು
    - ಬಸಿಗಾಲುವೆ ಬಿಡಿಸುವುದು
  - ಕೊಟ್ಟೆ ಕಟ್ಟುವುದು
  - ಬೋರ್ಡೋ ಹೊಡೆಯುವುದು
    - [ತಯಾರಿ]
      - ಮೈಲುತುತ್ತ 1 ಕೆ.ಜಿ., 50 ಲೀ. ನೀರಿನಲ್ಲಿ
      - ಸುಣ್ಣ 1 ಕೆ.ಜಿ., 50 ಲೀ. ನೀರಿನಲ್ಲಿ
      - ಎರಡೂ ಸೇರಿ 100 ಲೀ., ಪ್ಲಾಸ್ಟಿಕ್ ಡ್ರಮ್ಮಿನಲ್ಲಿ
    - [ಪರೀಕ್ಷೆ] ಚಾಕುವಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ
    - [ಸಮಯ]
      - ಮೊದಲ ಸಲ ಮಳೆಗೆ ಮುಂಚೆ
      - ಎರಡನೆಯ ಸಲ 40–45 ದಿನ ಬಿಟ್ಟು
    - [ಎಲ್ಲಿಗೆ] ಕೊನೆಗೆ, ಸುಳಿಗೂ
- [ಕೆಲಸದವರು] ಕೊನೆಗೌಡ: ಒಣಗಿದ ಕೊನೆ ತೆಗೆಯಲು, ಕೊಟ್ಟೆ ಕಟ್ಟಲು, ಬೋರ್ಡೋ ಹೊಡೆಯಲು

ಒಂದೇ ಮಗು ಇರುವ ಕಡೆ ಮಗುವನ್ನು ತಾಯಿಯ ಸಾಲಿನಲ್ಲೇ ಕೂರಿಸಿದ್ದೇನೆ. '1 ಕೆ.ಜಿ.'ಗೆ ಬೇರೆ ಸಾಲು ಕೊಟ್ಟಿದ್ದರೆ ಪಟ್ಟಿ ಐದನೆಯ ಹಂತಕ್ಕೆ ಇಳಿಯುತ್ತಿತ್ತು. ಅಷ್ಟು ಆಳದಲ್ಲಿ ಯಾವ ಸಾಲು ಯಾರ ಮಗು ಎಂದು ತಿಳಿಯಲು ಬೆರಳಿಟ್ಟು ಮೇಲಕ್ಕೆ ಹುಡುಕಬೇಕಾಗುತ್ತದೆ. ನಾಲ್ಕು ಹಂತ ಕಣ್ಣಿಗೆ ಹಿತ. ಒಡಹುಟ್ಟುಗಳ ಸಾಲಿನ ಕೊನೆಯೂ ಒಂದೇ ರೀತಿ ಮಾಡಿದೆ. 'ಹೆಕ್ಕುವುದು' ಇದ್ದ ಕಡೆ ಪಕ್ಕದವಕ್ಕೂ 'ತೆಗೆಯುವುದು', 'ಬಿಡಿಸುವುದು' ಬಂದವು. ಹೀಗೆ ಸೇರಿಸಿದ ಕ್ರಿಯಾಪದಗಳಿಗೆ ಆವರಣ ಹಾಕಲಿಲ್ಲ, ಅವುಗಳನ್ನು ಹಿರಿಯರಿಗೆ ಓದಿ ಹೇಳಿ ಒಪ್ಪಿಸಿಕೊಂಡಿದ್ದೆ.

ಟೈಪ್ ಮಾಡುವವರಿಗೆ ಒಂದು ಮಾತು. ವರ್ಡ್‌ನಂಥ ತಂತ್ರಾಂಶದಲ್ಲಿ ಬುಲೆಟ್ ಸಾಲಿನ ಶುರುವಿನಲ್ಲಿ `Tab` ಒತ್ತಿದರೆ ಸಾಲು ಮಗುವಾಗುತ್ತದೆ, `Shift+Tab` ಒತ್ತಿದರೆ ಒಂದು ಹಂತ ಮೇಲೇರುತ್ತದೆ. ಸ್ಪೇಸ್ ಒತ್ತಿ ಒತ್ತಿ ಸರಿಸಬಾರದು. ಅಕ್ಷರದ ಗಾತ್ರ ಬದಲಾದ ಕೂಡಲೇ ಅಂಚುಗಳು ಏರುಪೇರಾಗುತ್ತವೆ. ಫೋನಿನ ಸಂದೇಶಕ್ಕೆ ಅಂಟಿಸಿದರೆ ಎಷ್ಟೋ ಸಲ ಎಡಗಡೆಯ ಜಾಗ ಪೂರಾ ಅಳಿಸಿಹೋಗಿ ಎಲ್ಲ ಸಾಲೂ ಒಡಹುಟ್ಟಾಗಿಬಿಡುತ್ತವೆ. ಹಾಗೆ ಕಳಿಸುವುದಿದ್ದರೆ 3, 3.3, 3.3.1 ಎಂದು ಸಂಖ್ಯೆ ಕೊಡುವುದು ಸುರಕ್ಷಿತ, ಜಾಗ ಹೋದರೂ ತಾಯಿ ಯಾರೆಂದು ಸಂಖ್ಯೆ ಹೇಳುತ್ತದೆ.

ಮುಗಿಯಿತು ಎನಿಸಿದ ಮೇಲೆ ಎರಡು ಸಲ ಓದಿದೆ. ಮೊದಲು ಎಡ ಅಂಚಿನ ನಾಲ್ಕು ಸಾಲು ಮಾತ್ರ: ಲಕ್ಷಣ, ಹವೆ, ತಡೆ, ಕೆಲಸದವರು. ಇಷ್ಟೇ ಓದಿದರೂ ಇಡೀ ಸಭೆಯ ಆಕಾರ ತಿಳಿಯುತ್ತದೆ, ಹಾಗಾದರೆ ಕೊಂಬೆಗಳು ಸರಿಯಿವೆ. ಆಮೇಲೆ ಇಪ್ಪತ್ತನಾಲ್ಕು ಸಂಖ್ಯೆಗಳಿಗೂ ಗುರುತು ಹಾಕುತ್ತ ಬಂದೆ. ಒಂದೂ ಉಳಿಯಲಿಲ್ಲ.

ಅಂದಹಾಗೆ, ಕೊಳೆರೋಗ ಎಂಬ ನಮ್ಮ ಪದವೇ ಇಂಗ್ಲಿಷಿನ ಸಸ್ಯರೋಗ ಪುಸ್ತಕಗಳಲ್ಲೂ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಬರೆದಾಗ ರೈತರು ಕರೆಯುತ್ತಿದ್ದ ಹೆಸರನ್ನೇ ಇಟ್ಟುಕೊಂಡರು. ನಾನೂ ಹಾಳೆಯ ಪದಗಳನ್ನು ಗ್ರಂಥಭಾಷೆಗೆ ತಿರುಗಿಸಲಿಲ್ಲ. ಮೈಲುತುತ್ತ ಮೈಲುತುತ್ತವಾಗಿಯೇ ಉಳಿಯಿತು, ಅಂಗಡಿಯಲ್ಲಿ ಕೇಳುವುದು ಹಾಗೆಯೇ.

ಕರಡನ್ನು ಹಿರಿಯರ ಮನೆಗೇ ಒಯ್ದು ಕೊಟ್ಟೆ. ಜಗುಲಿಯಲ್ಲಿ ಕೂತು ನಿಧಾನವಾಗಿ ಓದಿದರು. ಆವರಣಗಳೆಲ್ಲ ಆಗಬಹುದು ಎಂದರು. ಆಮೇಲೆ ಪೆನ್ನು ತೆಗೆದು 'ಪ್ಲಾಸ್ಟಿಕ್ ಡ್ರಮ್ಮಿನಲ್ಲಿ' ಎಂಬಲ್ಲಿಂದ 'ಚಾಕುವಿಗೆ ಕೆಂಪು' ಎಂಬಲ್ಲಿಗೆ ಒಂದು ಚುಕ್ಕೆಗೆರೆ ಎಳೆದರು. ಎರಡಕ್ಕೂ ಕಾರಣ ಒಂದೇ, ದ್ರಾವಣದ ತಾಮ್ರ ಕಬ್ಬಿಣ ಕಂಡರೆ ಹೋಗಿ ಹತ್ತುತ್ತದೆ. ಚಾಕುವಿನ ಮೇಲೆ ಕೆಂಪಾಗುವುದೂ ಅದಕ್ಕೇ, ಕಬ್ಬಿಣದ ಡ್ರಮ್ಮು ಬೇಡ ಎನ್ನುವುದೂ ಅದಕ್ಕೇ. ನನ್ನ ಪಟ್ಟಿಯಲ್ಲಿ ಆ ಗೆರೆಗೆ ಜಾಗವಿರಲಿಲ್ಲ. ಡ್ರಮ್ಮಿನ ಸಾಲಿನ ತುದಿಗೆ 'ಪರೀಕ್ಷೆ ನೋಡಿ' ಎಂದು ಎರಡು ಪದ ಸೇರಿಸಿ ಅಚ್ಚಿಗೆ ಕಳಿಸಿದೆ.